ಒಂದು ಗೇಣು ಜಾಗದ ಹಾಡು

(ಹಳ್ಳಿಗಳಲ್ಲಿ ಗ್ರಂಥಾಲಯ ನಡೆಸುವವರು ಶಿವಮೊಗ್ಗದಲ್ಲಿ ಸೇರಿದ್ದ ಒಂದು ದಿನ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾನು ಶಾಲೆಯ ಮಕ್ಕಳಿಗೆ ಹಾಡು ಕಟ್ಟಿಕೊಡುತ್ತ ಬಂದವಳು. ಗಣರಾಜ್ಯೋತ್ಸವಕ್ಕೊಂದು, ವನಮಹೋತ್ಸವಕ್ಕೊಂದು ಎಂದು ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ ಹಾಡುಗಳಿಗೆ ಲೆಕ್ಕವಿಟ್ಟಿಲ್ಲ. ಆದರೆ ಹಣ ಕೇಳುವ ಹಾಡನ್ನು ಕಟ್ಟಿದ್ದು ಒಂದೇ ಸಲ, ನಮ್ಮೂರಿನ ಪುಸ್ತಕದ ಮನೆಗಾಗಿ. ಆ ಒಂದು ಹಾಡು ಹೇಗೆ ಹುಟ್ಟಿತು, ಎಲ್ಲಿ ಎಡವಿತು, ಅದರ ಒಂದೊಂದು ಪದ ಏಕೆ ಅಲ್ಲಿದೆ ಎಂಬುದನ್ನಷ್ಟೇ ಇವತ್ತು ಹೇಳುತ್ತೇನೆ. ನಿಮ್ಮಲ್ಲಿ ಹಲವರು ಇಂಥ ಹಾಡು ಬೇಕೆಂದು ಕೇಳಿದ್ದೀರಿ. ನಮ್ಮ ಹಾಡನ್ನೇ ಒಯ್ದು ಹಾಡಿದರೆ ನನಗೆ ಸಂತೋಷವೇ. ಆದರೆ ನಿಮ್ಮ ಊರಿಗೆ ನಿಮ್ಮದೇ ಹಾಡು ಕಟ್ಟಿಕೊಂಡರೆ ಹಣವೂ ಹೆಚ್ಚು ಬರುತ್ತದೆ, ಜನವೂ ಹೆಚ್ಚು ಬರುತ್ತಾರೆ.

ನಮ್ಮದು ಹತ್ತಿಪ್ಪತ್ತು ಮನೆಗಳ ಕೇರಿ. ಪಂಚಾಯಿತಿ ಕೇಂದ್ರದಲ್ಲಿ ಸರ್ಕಾರಿ ಗ್ರಂಥಾಲಯವಿದೆ, ಚೆನ್ನಾಗಿಯೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಮಕ್ಕಳ ಓಡಾಟ ಅಲ್ಲಿ ಹೆಚ್ಚಿದೆ. ಆದರೆ ನಮ್ಮ ಕೇರಿಯಿಂದ ಅಲ್ಲಿಗೆ ಆರೇಳು ಕಿಲೋಮೀಟರ್ ದಾರಿ, ನಡುವೆ ಎರಡು ಹಳ್ಳ. ಮಳೆಗಾಲದಲ್ಲಿ ಎಂಟು ವರ್ಷದ ಮಗುವನ್ನು ಒಂದು ಪುಸ್ತಕಕ್ಕಾಗಿ ಹಳ್ಳ ದಾಟಿಸುವ ತಾಯಿ ಇಲ್ಲ. ಅದಕ್ಕಾಗಿ ಹಿರಿಯರೊಬ್ಬರು ಬಿಟ್ಟುಕೊಟ್ಟ ಎರಡು ಅಂಕಣದ ಹೆಂಚಿನ ಮನೆಯಲ್ಲಿ ನಾವು ಪುಸ್ತಕಗಳನ್ನು ಇಟ್ಟೆವು. ಇಟ್ಟದ್ದು ಗೋಡೆಗೆ ಒತ್ತಿದ ಮರದ ಹಲಗೆಗಳ ಮೇಲೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು ಮಾಡಬಾರದ ತಪ್ಪು ಅದು. ಆಷಾಢ ಮುಗಿಯುವಷ್ಟರಲ್ಲಿ ಗೋಡೆಯ ಪಸೆ ಹಲಗೆಗೆ ಇಳಿಯಿತು, ಶ್ರಾವಣದಲ್ಲಿ ಗೆದ್ದಲು ಹಲಗೆಯಿಂದ ಪುಸ್ತಕಕ್ಕೆ ಹತ್ತಿತು. ಗೆದ್ದಲು ಹಿಂಬದಿಯಿಂದ ತಿನ್ನುತ್ತ ಬರುತ್ತದೆ. ಎದುರಿನಿಂದ ನೋಡಿದರೆ ಪುಸ್ತಕ ಸರಿಯಾಗಿಯೇ ನಿಂತಿರುತ್ತದೆ, ಎಳೆದರೆ ಬೆನ್ನು ಮಾತ್ರ ಕೈಗೆ ಬರುತ್ತದೆ. ನಮಗೆ ಬೇಕಾದದ್ದು ಗೋಡೆಯಿಂದ ನಾಲ್ಕು ಇಂಚು ಸರಿಸಿ ನಿಲ್ಲಿಸುವ ಕಬ್ಬಿಣದ ರ‍್ಯಾಕುಗಳು ಮತ್ತು ಹೋದ ಪುಸ್ತಕಗಳ ಜಾಗಕ್ಕೆ ಹೊಸವು.

ಹಾಗೆ ಶುರುವಾದದ್ದು ಮೊದಲನೆಯ ಹಾಡು. ಅದನ್ನು ನಾನು ಇಲ್ಲಿ ಹಾಡುವುದಿಲ್ಲ. ಅದರಲ್ಲಿ ಜ್ಞಾನವಿತ್ತು, ಜ್ಯೋತಿಯಿತ್ತು, ತಾಯಿ ಶಾರದೆ ಇದ್ದಳು, ಕೊನೆಗೆ 'ಉದಾರ ಮನದಿ ದಾನ ಮಾಡಿರಿ' ಎಂಬ ಸಾಲಿತ್ತು. ಮಕ್ಕಳು ಶ್ರುತಿಬದ್ಧವಾಗಿ ಹಾಡಿದರು. ಮೊಬೈಲಿನಲ್ಲಿ ಕಳಿಸಿದೆವು. ಎಲ್ಲರೂ 'ತುಂಬ ಚೆನ್ನಾಗಿದೆ' ಎಂದು ಉತ್ತರ ಬರೆದರು. ಹಣ ಬಂದದ್ದು ನಾಲ್ಕು ಜನರಿಂದ, ನಾಲ್ವರೂ ನಮ್ಮ ಮನೆಯವರೇ. ಏಕೆ ಹೀಗಾಯಿತು ಎಂದು ನನಗೆ ಹೇಳಿದವರು ಪಕ್ಕದ ಮನೆಯ ಅಕ್ಕ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಲೇ ಅವರು ಹೇಳಿದರು: "ದಾನ ಮಾಡುವಷ್ಟು ದೊಡ್ಡವರು ನಾವಲ್ಲ ಟೀಚರ್. ನೂರು ರೂಪಾಯಿ ಕೊಡೋಣವೆಂದರೆ, ಇಷ್ಟು ಕೊಟ್ಟರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ."

ಆ ಮಾತಿನಲ್ಲಿ ಎರಡು ವಿಷಯಗಳಿದ್ದವು. ದಾನ ಎಂಬ ಪದ ಕೊಡುವವರನ್ನು ಎತ್ತರದಲ್ಲಿ ಕೂರಿಸುತ್ತದೆ, ಅಲ್ಲಿ ಕೂರಲು ನಮ್ಮೂರಿನ ಹೆಚ್ಚಿನವರಿಗೆ ಮುಜುಗರ. ಎಷ್ಟು ಎಂದು ಹೇಳದೆ ಬಿಟ್ಟರೆ, ಕಡಿಮೆ ಇರುವವರು ಕೊಡುವುದೇ ಇಲ್ಲ. ಹಾಡಿನ ಭಾವ ಎಷ್ಟೇ ಚೆನ್ನಾಗಿದ್ದರೂ ಈ ಎರಡು ಗಂಟುಗಳು ಬಿಚ್ಚದೆ ಕೈ ಜೇಬಿಗೆ ಹೋಗುವುದಿಲ್ಲ.

ಆಗ ನನಗೆ ನೆನಪಾದದ್ದು ಅಂಟಿಗೆ ಪಂಟಿಗೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ದೀಪಾವಳಿಯ ರಾತ್ರಿಗಳಲ್ಲಿ ಊರ ಗಂಡಸರ ತಂಡವೊಂದು ದೀಪ ಹೊತ್ತಿಸಿಕೊಂಡು, ಅದು ಆರದಂತೆ ಕಾಯ್ದುಕೊಂಡು, ಮನೆಯಿಂದ ಮನೆಗೆ ಹಾಡುತ್ತ ಹೋಗುತ್ತದೆ. ಮುಂದಾಳು ಒಂದು ಸೊಲ್ಲು ಹೇಳುತ್ತಾರೆ, ಉಳಿದವರು ಹಿಂದಿನಿಂದ ಎತ್ತಿಕೊಳ್ಳುತ್ತಾರೆ. ಮನೆಯವರು ಬಾಗಿಲು ತೆರೆದು ಆ ದೀಪಕ್ಕೆ ಎಣ್ಣೆ ಎರೆಯುತ್ತಾರೆ, ಅದರಿಂದ ತಮ್ಮ ಮನೆಯ ದೀಪವನ್ನು ಹೊತ್ತಿಸಿಕೊಳ್ಳುತ್ತಾರೆ. ಆಮೇಲೆ ಅಕ್ಕಿ, ಕಾಸು, ಮನೆಯಲ್ಲಿ ಮಾಡಿದ ಕಜ್ಜಾಯ ಕೊಟ್ಟು ಕಳಿಸುತ್ತಾರೆ. ಕ್ರೌಡ್‌ಫಂಡಿಂಗ್ ಎಂಬ ಪದ ನಮಗೆ ಬರುವುದಕ್ಕೆ ಎಷ್ಟೋ ಮೊದಲು ಇದು ನಮ್ಮಲ್ಲಿ ನಡೆಯುತ್ತಿತ್ತು.

ಒಂದು ರಾತ್ರಿ ಅವರ ಜೊತೆ ಮೂರು ಮನೆ ತಿರುಗಿದೆ, ಗಮನವಿಟ್ಟು ನೋಡಿದೆ. ಅವರು ಮೊದಲು ಕೊಡುತ್ತಾರೆ, ಆಮೇಲೆ ಪಡೆಯುತ್ತಾರೆ. ಬೆಳಕು ಒಳಗೆ ಬಂದ ಮೇಲೆಯೇ ಅಕ್ಕಿ ಹೊರಗೆ ಬರುವುದು. ಏನು ಕೊಡಬೇಕೆಂಬುದು ಎಲ್ಲರಿಗೂ ಗೊತ್ತು, ಅದನ್ನು ಅಳೆಯುವ ಪಾತ್ರೆಯೂ ಮನೆಯಲ್ಲೇ ಇದೆ. ಒಂದು ಸೇರು ಕೊಟ್ಟವರಿಗೂ ಒಂದು ಮುಷ್ಟಿ ಕೊಟ್ಟವರಿಗೂ ಹಾಡು ಒಂದೇ. ಆ ಮಟ್ಟನ್ನಾಗಲಿ ಪದಗಳನ್ನಾಗಲಿ ನಾನು ಎತ್ತಿಕೊಳ್ಳಲಿಲ್ಲ. ಅವು ಹಬ್ಬಕ್ಕೆ ಸೇರಿದವು, ಪುಸ್ತಕದ ರ‍್ಯಾಕಿಗೆ ಅವನ್ನು ಬಳಸಿದರೆ ಹಾಡುವವರಿಗೆ ನೋವಾಗುತ್ತದೆ ಎಂದು ತಂಡದ ಅಜ್ಜಯ್ಯ ಮೆಲ್ಲಗೆ ಹೇಳಿದ್ದರು. ನಾನು ತೆಗೆದುಕೊಂಡದ್ದು ಕ್ರಮವನ್ನು ಮಾತ್ರ: ಮೊದಲು ಕೊಡು, ಆಮೇಲೆ ಅಳತೆ ಹೇಳಿ ಕೇಳು, ಹಿಂದಿನವರು ಎತ್ತಿಕೊಳ್ಳುವಂತೆ ಹಾಡು.

ಇನ್ನು ಅಳತೆ ಬೇಕಾಗಿತ್ತು. ನಾವು ಮಾಡಿಸಬೇಕೆಂದಿದ್ದ ರ‍್ಯಾಕು ಮೂರು ಅಡಿ ಅಗಲ, ಐದು ಅಡ್ಡಹಲಗೆ. ವೆಲ್ಡಿಂಗ್ ಅಂಗಡಿಯವರು ತುಕ್ಕು ಹಿಡಿಯದ ಬಣ್ಣ ಸೇರಿಸಿ ಎಂಟು ಸಾವಿರ ಹೇಳಿದ್ದರು. ಒಂದು ಸಂಜೆ ಖಾಲಿ ಹಲಗೆಯ ಮುಂದೆ ಕೂತು ಎಷ್ಟು ಪುಸ್ತಕ ಹಿಡಿಯಬಹುದು ಎಂದು ಕೈಯಿಂದ ಅಳೆಯುತ್ತಿದ್ದೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಒಂದು ಗೇಣು, ಅಂದರೆ ಸುಮಾರು ಒಂಬತ್ತು ಇಂಚು. ಮೂರು ಅಡಿಗೆ ನಾಲ್ಕು ಗೇಣು. ಐದು ಹಲಗೆಗೆ ಇಪ್ಪತ್ತು ಗೇಣು. ಹಳೆಯ ಲೆಕ್ಕದಲ್ಲಿ ಒಂದು ಗೇಣೆಂದರೆ ಹನ್ನೆರಡು ಅಂಗುಲ, ಅಂಗುಲವೆಂದರೆ ಬೆರಳಿನ ಅಗಲ. ಮಕ್ಕಳು ಓದುವ ಕನ್ನಡದ ಪುಸ್ತಕವೊಂದನ್ನು ನಿಲ್ಲಿಸಿ ಪಕ್ಕದಲ್ಲಿ ಬೆರಳಿಟ್ಟೆ. ಹೆಚ್ಚುಕಡಿಮೆ ಸರಿಯಾಗಿ ಒಂದು ಬೆರಳು! ಗೇಣಿಗೆ ಹನ್ನೆರಡು ಪುಸ್ತಕ.

ಅಲ್ಲಿಂದ ಮುಂದೆ ಲೆಕ್ಕ ತಾನಾಗಿ ಕೂತುಕೊಂಡಿತು. ರ‍್ಯಾಕಿನ ಎಂಟು ಸಾವಿರವನ್ನು ಇಪ್ಪತ್ತು ಗೇಣಿಗೆ ಹಂಚಿದರೆ ಗೇಣಿಗೆ 400 ರೂಪಾಯಿ. ಹನ್ನೆರಡು ಪುಸ್ತಕಕ್ಕೆ ತಲಾ 125ರಂತೆ 1500. ರಟ್ಟು, ಬೆನ್ನಿನ ಚೀಟಿ, ಮೊಹರು, ನುಸಿಗುಳಿಗೆ ಎಂದು 100. ಒಟ್ಟು ಒಂದು ಗೇಣಿಗೆ 2000 ರೂಪಾಯಿ. ಬೆರಳಿಗೆ 170. ನಾಲ್ಕು ರ‍್ಯಾಕಿಗೆ ಎಂಬತ್ತು ಗೇಣು, ಅಂದರೆ ಒಂದು ಲಕ್ಷ ಅರವತ್ತು ಸಾವಿರ. ಆ ದೊಡ್ಡ ಮೊತ್ತವನ್ನು ನಾವು ಹಾಡಿನಲ್ಲಿ ಎಲ್ಲೂ ಹೇಳಲಿಲ್ಲ. ಕೇಳಿದವರಿಗೆ ತಿಳಿಯಲೆಂದು ಪುಸ್ತಕದ ಮನೆಯ ಬಾಗಿಲ ಪಕ್ಕದ ಹಲಗೆಯಲ್ಲಿ ಇಡೀ ಲೆಕ್ಕವನ್ನು ಬರೆದಿಟ್ಟೆವು.

ಗೇಣು ಎಂಬ ಪದಕ್ಕೆ ನಮ್ಮ ಕಡೆ ಇನ್ನೊಂದು ನೆನಪೂ ಅಂಟಿಕೊಂಡಿದೆ. ಗೇಣು ಜಾಗಕ್ಕಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಬೇಲಿ ಒಂದು ಗೇಣು ಈಚೆಗೆ ಬಂತು ಎಂದು ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ. ಆ ಗೇಣು ಜಾಗವನ್ನೇ ಊರ ಮಕ್ಕಳಿಗಾಗಿ ಕೇಳಿದರೆ ಮಾತು ಎದೆಗೆ ತಾಗುತ್ತದೆ ಎನಿಸಿತು. ಪಲ್ಲವಿ ಹೀಗೆ ಬಂತು:

ಒಂದು ಗೇಣು ಜಾಗ ನೀಡಿ,
ಊರ ಮಗುವು ಓದಲಿ.
ಬಂದು ನೀವು ಕೂತು ನೋಡಿ
ನಮ್ಮ ದೀಪದಡಿಯಲಿ.

ಇದನ್ನು ಒಮ್ಮೆ ಕೈತಟ್ಟಿ ಹೇಳಿ ನೋಡಿ. ಒಂದು, ಗೇಣು, ಜಾಗ, ನೀಡಿ. ನಾಲ್ಕು ಪದ, ನಾಲ್ಕು ತಟ್ಟು. ನಾಲ್ಕೂ ಪದಗಳು ಮೂರು ಮಾತ್ರೆಯವು, ಪ್ರತಿಯೊಂದರಲ್ಲೂ ಮೊದಲು ಗುರು, ಆಮೇಲೆ ಲಘು. ಚಪ್ಪಾಳೆ ಯಾವಾಗಲೂ ಪದದ ತಲೆಯ ಮೇಲೆ ಬೀಳುತ್ತದೆ. ಹಾಡಲು ಬಾರದವರೂ ಎರಡನೆಯ ಸಲಕ್ಕೆ ಸೇರಿಕೊಳ್ಳುವುದು ಇದರಿಂದಾಗಿಯೇ. ತಬಲಾ ಬಲ್ಲವರಿಗೆ ಇದು ದಾದ್ರಾ, ಎರಡು ಗಣಕ್ಕೆ ಒಂದು ಸುತ್ತು.

ಮೊದಲು ನಾನು ಬರೆದದ್ದು 'ಒಂದು ಗೇಣು ಕಪಾಟು ನೀಡಿ' ಎಂದು. ಕಾಗದದ ಮೇಲೆ ಅದು ಸರಿಯಾಗಿಯೇ ಕಂಡಿತು. ಅರ್ಥ ಇನ್ನೂ ಖಚಿತವಾಗಿತ್ತು. ಆದರೆ ಮಕ್ಕಳು ಹಾಡುವಾಗ ಪ್ರತಿ ಸಲವೂ ಅಲ್ಲೇ ಮುಗ್ಗರಿಸಿದರು. ಕಪಾಟು ಎಂಬುದು ಲಘು, ಗುರು, ಲಘು, ನಾಲ್ಕು ಮಾತ್ರೆ. ಮೂರರ ನಡೆಯಲ್ಲಿ ಅದನ್ನು ಹಾಡಿದರೆ ಮುಂದಿನ ತಟ್ಟು ಟುಕಾರದ ಮೇಲೆ ಬೀಳುತ್ತದೆ, ಅಲ್ಲಿಂದ ಮುಂದಿನ ಸಾಲೆಲ್ಲ ವಾಲುತ್ತದೆ. ಅರ್ಧ ಮಕ್ಕಳು 'ಕಪಟು' ಎಂದು ಕುಗ್ಗಿಸಿ ಹಾಡುತ್ತಿದ್ದರು. ಹಾಡುವವರು ತಾವಾಗಿ ಒಂದು ಪದವನ್ನು ತಿದ್ದಿಕೊಳ್ಳುತ್ತಿದ್ದಾರೆಂದರೆ ತಪ್ಪು ಅವರದಲ್ಲ, ಕಟ್ಟಿದವರದು. ನಿಮ್ಮ ಪಲ್ಲವಿಯನ್ನು ಪರೀಕ್ಷಿಸಲು ಛಂದಸ್ಸಿನ ಪುಸ್ತಕ ಬೇಕಿಲ್ಲ. ಅಡಿಕೆ ಸುಲಿಯುತ್ತ ಕೂತವರ ನಡುವೆ ಅದನ್ನು ಹಾಡಿ. ಮೆಟ್ಟುಗತ್ತಿಯ ಮೇಲೆ ಕೈಯಾಡಿಸುತ್ತಲೇ ಅವರು ಗುನುಗಿಕೊಂಡರೆ ಹಾಡು ನಿಂತಿತು. ಕೈ ನಿಂತರೆ ಹಾಡು ಎಲ್ಲೋ ತಪ್ಪಿದೆ.

ಒಂದು, ಬಂದು ಎಂಬ ಆದಿಪ್ರಾಸವೂ ಸುಮ್ಮನೆ ಅಲಂಕಾರಕ್ಕೆ ಬಂದದ್ದಲ್ಲ. ಹಾಡುವವರು ಮೂರನೆಯ ಸಾಲಿಗೆ ಬರುವಾಗ ಬಾಯಿ ತಾನಾಗಿ ಆ ಸದ್ದನ್ನು ಹುಡುಕುತ್ತದೆ. ಸಾಲು ನೆನಪಿರದವರಿಗೆ ಅದು ಹಿಡಿಕೆ. ಹಣ ಕೇಳುವ ಸಾಲು ಮೊದಲನೆಯದು, ಬನ್ನಿ ಎಂದು ಕರೆಯುವ ಸಾಲು ಮೂರನೆಯದು. ಎರಡನ್ನೂ ಒಂದೇ ಪ್ರಾಸದಿಂದ ಕಟ್ಟಿಹಾಕಿದ್ದರಿಂದ ಯಾರೂ ಮೊದಲರ್ಧವನ್ನು ಮಾತ್ರ ಹಾಡಿ ನಿಲ್ಲಿಸುವುದಿಲ್ಲ. ನಮಗೆ ಅದು ಮುಖ್ಯವಾಗಿತ್ತು. ಹಣ ಕೊಡಲಾಗದವರೂ ಬಂದು ಕೂರಬೇಕು, ಬಂದು ಕೂತವರಿಗೆ ತಾವು ಕೊಡಲಿಲ್ಲವಲ್ಲ ಎಂಬ ಅಳುಕು ಇರಬಾರದು.

ಇನ್ನು ನುಡಿಗಳು. ಅಂಟಿಗೆ ಪಂಟಿಗೆಯ ಕ್ರಮದಂತೆ ಮೊದಲನೆಯ ನುಡಿಯಲ್ಲಿ ಏನನ್ನೂ ಕೇಳಲಿಲ್ಲ. ಪುಸ್ತಕದ ಮನೆಯೊಳಗೆ ಒಂದು ಸಂಜೆ ಹೇಗಿರುತ್ತದೆ ಎಂಬುದನ್ನು ಕೇಳುಗರ ಕೈಗೆ ಕೊಟ್ಟೆವು:

ಮಳೆಯ ದನಿಯು ಹೆಂಚ ಮೇಲೆ,
ಒಳಗೆ ಪುಟದ ಮರ್ಮರ.
ಎಳೆಯ ಬೆರಳು ಸಾಲು ಹಿಡಿದು
ತಿಳಿವ ಕಥೆಯ ಸಡಗರ.

ಎರಡನೆಯದರಲ್ಲಿ ಆದದ್ದನ್ನು ಹೇಳಿದೆವು. ಗೋಳು ಬೇಡವೆಂದು ಮೊದಲೇ ತೀರ್ಮಾನಿಸಿದ್ದೆವು. ಬಡತನ, ಕತ್ತಲೆ, ಕಣ್ಣೀರು ಎಂಬ ಪದಗಳನ್ನು ಹಾಕಿದರೆ ನಮ್ಮದೇ ಮಕ್ಕಳು ಅದನ್ನು ಹಾಡಬೇಕಾಗುತ್ತದೆ, ತಮ್ಮನ್ನು ತಾವೇ ಅಯ್ಯೋ ಎಂದುಕೊಂಡು ಹಾಡುವ ಸ್ಥಿತಿ ಮಕ್ಕಳಿಗೆ ಬರಬಾರದು. ಗೆದ್ದಲು ತಿಂದ ಪುಸ್ತಕವನ್ನು ಹಿಡಿದು ಒಬ್ಬ ಹುಡುಗಿ ನನ್ನ ಹಿಂದೆಯೇ ಮೂರು ದಿನ ತಿರುಗಿದ್ದಳು, ಕೊನೆಗೆ ಆ ನರಿಗೆ ಏನಾಯಿತು ಎಂದು. ಅದನ್ನೇ ಬರೆದೆ:

ಗೋಡೆ ತುಂಬ ನೀರ ಪಸೆಯು,
ಮೂಡಿ ಬಂತು ಗೆದ್ದಲು.
ನೋಡಿ, ಕಥೆಯ ಕೊನೆಯ ಪುಟವ
ಕಾಡಿ ಕೇಳ್ವ ಮಕ್ಕಳು.

ಮೂರನೆಯದರಲ್ಲಿ ಅಳತೆ. ಇದನ್ನು ಹಾಡುವಾಗ ಮಕ್ಕಳು ಮೊದಲು ಒಂದು ಬೆರಳನ್ನು ಎತ್ತುತ್ತಾರೆ, ಆಮೇಲೆ ಕೈಯನ್ನು ಅಗಲಿಸಿ ಗೇಣು ಹಿಡಿಯುತ್ತಾರೆ. ವಿಡಿಯೋದಲ್ಲಿ ಜನ ನೆನಪಿಟ್ಟುಕೊಂಡದ್ದು ಈ ಕೈಯನ್ನು:

ಬೆರಳಿನಗಲ ಕೊಟ್ಟರೊಂದು
ಸರಳ ಕಥೆಯ ಹೊತ್ತಗೆ.
ಹರಡಿ ಹಿಡಿದ ಗೇಣಿನಗಲ
ಎರಡು ತೋಳಿನಪ್ಪುಗೆ.

ಹನ್ನೆರಡು ಪುಸ್ತಕವೆಂದರೆ ಒಂದು ಮಗು ಎರಡು ತೋಳಿನಲ್ಲಿ ಅಪ್ಪಿಕೊಂಡು ತರಬಲ್ಲಷ್ಟು. ಹೊತ್ತು ತರಿಸಿ ನೋಡಿಯೇ ಆ ಸಾಲನ್ನು ಉಳಿಸಿಕೊಂಡೆ. ಈ ನುಡಿ ಬಂದ ಮೇಲೆ ಪಕ್ಕದ ಮನೆಯ ಅಕ್ಕ ತಾವಾಗಿ ಬಂದು, "ನನ್ನದು ಎರಡು ಬೆರಳು ಬರೆದುಕೊಳ್ಳಿ" ಎಂದರು. ನೂರು, ಇನ್ನೂರು ಎನ್ನಲು ಇದ್ದ ಸಂಕೋಚ ಎರಡು ಬೆರಳು ಎನ್ನಲು ಇರಲಿಲ್ಲ.

ನಾಲ್ಕನೆಯ ನುಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ಹಾಡಿನಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಅದು. ಹಣ ಕೇಳುವ ಹಾಡು ಒಂದು ಸಲ ಕೇಳಿ ಸುಮ್ಮನಾದರೆ, ಕೊಟ್ಟವರಿಗೆ ತಾವು ಕೊಟ್ಟದ್ದು ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಕೊಡಬೇಕೆಂದಿರುವವರಿಗೆ ಇನ್ನೂ ಎಷ್ಟು ಬೇಕೆಂದು ತಿಳಿಯುವುದಿಲ್ಲ. ಅದಕ್ಕಾಗಿ ಲೆಕ್ಕವನ್ನೇ ಹಾಡಿನೊಳಗೆ ಸೇರಿಸಿದೆವು:

ಇಂದಿಗೆಷ್ಟು ಗೇಣು ಬಂತು
ಎಂದು ಕೇಳಿದವರಿಗೆ,
ಮಂದಿ ಕೊಟ್ಟ ಮೂರು ಹತ್ತು
ಸಂದವೆಮ್ಮ ಗೂಡಿಗೆ.

ಇಲ್ಲಿ 'ಮೂರು ಹತ್ತು' ಎಂಬ ಜಾಗ ಖಾಲಿ ಬಿಟ್ಟ ಜಾಗವಿದ್ದಂತೆ. ಗೇಣು ಹೆಚ್ಚಿದಂತೆಲ್ಲ ಅಲ್ಲಿಯ ಸಂಖ್ಯೆ ಬದಲಾಗುತ್ತದೆ, ಆ ನುಡಿಯನ್ನು ಮತ್ತೆ ಹಾಡಿ ಕಳಿಸುತ್ತೇವೆ. ಮೊದಲು ಇಪ್ಪತ್ತೊಂದು, ಮೂವತ್ತೇಳು ಎಂದು ಇದ್ದದ್ದನ್ನು ಇದ್ದಂತೆ ಹಾಡಿಸಲು ಹೋದೆ. ಇಪ್ಪತ್ತೊಂದು ಏಳು ಮಾತ್ರೆ, ನಲವತ್ತು ಐದು ಮಾತ್ರೆ, ಒಂದಕ್ಕೊಂದು ಹೊಂದುವುದಿಲ್ಲ. ಪ್ರತಿ ವಾರವೂ ಮಟ್ಟನ್ನು ಎಳೆದಾಡಬೇಕಾಯಿತು. ಹತ್ತುಗಳಲ್ಲಿ ಎಣಿಸೋಣ ಎಂದು ಕೂತಾಗ ಗೊತ್ತಾಯಿತು: ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು. ಕನ್ನಡದಲ್ಲಿ ಈ ಎಂಟೂ ಮೂರು ಮಾತ್ರೆಯ ಪದಗಳು! ಎರಡು ಎಂಬುದು ಮೂರು ಲಘು, ಉಳಿದವೆಲ್ಲ ಗುರು ಲಘು. ಹತ್ತು ಎಂಬುದೂ ಮೂರೇ. ಒಂಬತ್ತಕ್ಕೆ ಬಂದಾಗ ಮಾತ್ರ ಐದು ಮಾತ್ರೆಯಾಗಿ ನಡೆ ಮುರಿಯುತ್ತದೆ. ನಮ್ಮ ಗುರಿಯೋ ಎಂಬತ್ತು ಗೇಣು, ಎಂಟು ಹತ್ತು. ಒಂಬತ್ತು ನಮಗೆ ಬೇಕಾಗಿಯೇ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತು ನಾನು ಆ ರಾತ್ರಿ ಎಂಟನ್ನೂ ಒಂದರ ಹಿಂದೆ ಒಂದು ಹಾಡಿಕೊಂಡೆ, ಮನೆಯವರು ಎದ್ದು ಬಂದು ನೋಡುವವರೆಗೂ.

ಹಾಡು ಹತ್ತರ ಲೆಕ್ಕ ಹೇಳುತ್ತದೆ, ಬಾಗಿಲ ಪಕ್ಕದ ಹಲಗೆ ಬಿಡಿ ಲೆಕ್ಕ ಹೇಳುತ್ತದೆ. ಮೂವತ್ತೇಳು ಗೇಣಾಗಿದ್ದರೆ ಹಾಡಿನಲ್ಲಿ ಮೂರು ಹತ್ತೇ. ನಾಲ್ಕು ಹತ್ತು ಎಂದು ಮುಂದಾಗಿ ಹಾಡಬಾರದು. ಒಮ್ಮೆ ಉತ್ಸಾಹದಲ್ಲಿ ಹಾಗೆ ಹಾಡಿ ಕಳಿಸಿದ್ದೆವು. ಹಲಗೆಯನ್ನು ನೋಡಿದ ಒಬ್ಬರು ಅದೇ ಸಂಜೆ ಕೇಳಿದರು. ನಾವು ಆ ವಿಡಿಯೋವನ್ನು ತೆಗೆದು, ತಪ್ಪಾಯಿತೆಂದು ಹೇಳಿ, ಸರಿಯಾದ ಸಂಖ್ಯೆಯನ್ನು ಹಾಡಿ ಕಳಿಸಿದೆವು.

ಮಟ್ಟಿನ ಬಗ್ಗೆ ಹೆಚ್ಚು ಹೇಳಲಾರೆ. ಮೋಹನದ ಐದೇ ಸ್ವರಗಳು, ಷಡ್ಜದಿಂದ ಮೇಲೆ ಹೊರಟು ಧೈವತವನ್ನು ದಾಟುವುದಿಲ್ಲ. ತಾರ ಷಡ್ಜ ಮುಟ್ಟಿಸಿದರೆ ಗಂಡಸರು ಬಾಯಿ ಮುಚ್ಚುತ್ತಾರೆ, ಹಾಡು ಮಕ್ಕಳದ್ದಷ್ಟೇ ಆಗಿಬಿಡುತ್ತದೆ. ಒಂದು ಗಣಕ್ಕೆ ಒಂದು ಸೆಕೆಂಡು ಹಿಡಿದರೆ ಪಲ್ಲವಿಗೆ ಹದಿನಾರು ಸೆಕೆಂಡು, ಒಂದೊಂದು ನುಡಿಗೂ ಅಷ್ಟೇ. ಪಲ್ಲವಿ ಐದು ಸಲ, ನುಡಿ ನಾಲ್ಕು, ಒಟ್ಟು 2 ನಿಮಿಷ 24 ಸೆಕೆಂಡು. ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಒಂದು ಪಲ್ಲವಿ ಮತ್ತು ಒಂದು ನುಡಿಯನ್ನು ಮಾತ್ರ ಕತ್ತರಿಸಿದರೆ ಅರ್ಧ ನಿಮಿಷ. ಅದಕ್ಕಿಂತ ಉದ್ದವಾದದ್ದನ್ನು ನಮ್ಮ ಬಂಧುಗಳು ಪೂರ್ತಿ ಕೇಳಲಿಲ್ಲ.

ಸಿನಿಮಾ ಹಾಡಿನ ಮಟ್ಟಿಗೆ ಪದ ಹೊಂದಿಸಿದರೆ ಬೇಗ ಹರಡುತ್ತದೆ ಎಂದು ಹಲವರು ಹೇಳಿದರು. ಹಾಗೆ ಮಾಡಬೇಡಿ. ಆ ರಾಗಸಂಯೋಜನೆಗೆ ಹಕ್ಕುದಾರರಿರುತ್ತಾರೆ. ನಮ್ಮ ಕಾಯ್ದೆಯಲ್ಲಿ ಕೃತಿಸ್ವಾಮ್ಯ ರಚಿಸಿದವರ ಜೀವಿತಾವಧಿಯ ನಂತರವೂ ಅರವತ್ತು ವರ್ಷ ಉಳಿಯುತ್ತದೆ. ವಿಡಿಯೋ ಹಾಕಿದ ತಾಣ ತಾನಾಗಿ ಅದನ್ನು ಗುರುತಿಸಿ ಸದ್ದು ಅಡಗಿಸಬಹುದು, ಅದೂ ಹಣ ಬರುತ್ತಿರುವ ಹೊತ್ತಿನಲ್ಲೇ.

ಧ್ವನಿಮುದ್ರಣಕ್ಕೆ ನಮ್ಮಲ್ಲಿದ್ದದ್ದು ಒಂದು ಮೊಬೈಲು. ಪುಸ್ತಕದ ಮನೆಯಲ್ಲಿ ಹಾಡಿಸಿದರೆ ಬರಿಯ ಗೋಡೆಗಳಿಗೆ ತಾಗಿ ದನಿ ಮರಳಿ ಬರುತ್ತಿತ್ತು, ಹೆಂಚಿನ ಮೇಲೆ ಮಳೆ ಬಂದರೆ ಏನೂ ಕೇಳುತ್ತಿರಲಿಲ್ಲ. ಅಡಿಕೆ ಚೀಲ ಒಟ್ಟಿದ ಅಟ್ಟದ ಕೋಣೆಗೆ ಹೋದೆವು. ಮೂರು ಕಡೆ ಚೀಲ, ನಾಲ್ಕನೆಯ ಕಡೆ ಕಂಬಳಿ ಕಟ್ಟಿದೆವು. ದನಿ ಹತ್ತಿ ಸುತ್ತಿಟ್ಟಂತೆ ಮೃದುವಾಗಿ, ಪದ ಪದವೂ ಬಿಡಿಸಿ ಕೇಳಿತು. ಮೊದಲ ನುಡಿಗೆ ಬೇಕಾದ ಮಳೆಯ ಸದ್ದನ್ನು ಬೇರೆ ದಿನ ಹಿಡಿದು ಸೇರಿಸಿದೆವು.

ಹಣ ಬರುವ ದಾರಿಯ ಬಗ್ಗೆ ಎರಡು ಮಾತು. ಫೋನ್ ಸಂಖ್ಯೆಯನ್ನು ಹಾಡಿನಲ್ಲಿ ಹೇಳಬೇಡಿ, ಒಂದು ಅಂಕಿ ತಪ್ಪಿದರೆ ಹಣ ಬೇರೆಯವರಿಗೆ ಹೋಗುತ್ತದೆ. ಪ್ರತಿ ಪಲ್ಲವಿ ಬಂದಾಗಲೂ ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಇರಲಿ. ಅದು ಯಾರದೋ ಸ್ವಂತ ಖಾತೆಯದ್ದಾಗಿರಬಾರದು, ನೋಂದಾಯಿಸಿದ ಸಂಘದ ಹೆಸರಿನಲ್ಲಿರಬೇಕು. ಸ್ಕ್ಯಾನ್ ಮಾಡಿದಾಗ ಬರುವ ಹೆಸರು ನೋಡಿಯೇ ಜನ ಮುಂದೆ ಹೋಗುತ್ತಾರೆ ಅಥವಾ ಹಿಂದೆ ಸರಿಯುತ್ತಾರೆ. ಇನ್ನೊಂದು, ನಮ್ಮ ಊರುಗಳ ಮಕ್ಕಳು ಹೊರದೇಶಗಳಲ್ಲಿದ್ದಾರೆ, ಹಾಡು ಅವರಿಗೆ ಬೇಗ ತಲುಪುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆಯಿಲ್ಲ. ಬೇರೆ ದೇಶದ ಪೌರತ್ವ ಪಡೆದವರಿಂದ ಪಡೆದರೆ ಅದು ವಿದೇಶಿ ದೇಣಿಗೆ, 2010ರ ಕಾಯ್ದೆಯಡಿ ಅನುಮತಿ ಪಡೆಯದ ಸಂಘ ಅದನ್ನು ತೆಗೆದುಕೊಳ್ಳುವಂತಿಲ್ಲ. ನಾವು ಅಂಥವರೊಬ್ಬರಿಗೆ ಪತ್ರ ಬರೆದು, ಹಣ ಬೇಡ, ಊರಿಗೆ ಬಂದಾಗ ಮಕ್ಕಳಿಗೆ ಒಂದು ಸಂಜೆ ಕಥೆ ಹೇಳಿ ಎಂದು ಕೇಳಿಕೊಂಡೆವು.

ಕಾಲವನ್ನೂ ನೋಡಿಕೊಳ್ಳಬೇಕು. ನಮ್ಮ ಮೊದಲ ಹಾಡು ಸೋತದ್ದಕ್ಕೆ ಮಳೆಗಾಲದಲ್ಲಿ ಕಳಿಸಿದ್ದೂ ಒಂದು ಕಾರಣ. ಆಗ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಗದ್ದೆ ನಟ್ಟಿಗೆ ಆಳು ಬೇಕು, ಶಾಲೆಯ ಖರ್ಚು ಬೇರೆ. ಮನೆಯಲ್ಲಿ ಕಾಸು ಆಡುವುದು ಕೊಯ್ಲಾಗಿ, ಬೇಯಿಸಿ, ಒಣಗಿಸಿ, ಅಡಿಕೆ ಮಂಡಿಗೆ ಹೋದ ಮೇಲೆ. ಎರಡನೆಯ ಹಾಡನ್ನು ದೀಪಾವಳಿಗೆ ಹೊರಗೆ ತಂದು, ಸುಗ್ಗಿ ಮುಗಿಯುವವರೆಗೂ ನುಡಿ ಬದಲಿಸುತ್ತ ಹೋದೆವು. ಐದು ಹತ್ತಕ್ಕೆ ಬಂದು ಮೂರು ವಾರ ನಿಂತಿತು. ಅದೇ ಸಂಖ್ಯೆಯನ್ನು ಮತ್ತೆ ಮತ್ತೆ ಹಾಡಿ ಕಳಿಸುವುದನ್ನು ಆಗ ನಿಲ್ಲಿಸಿದೆವು. ಬಂದ ಹಣದಲ್ಲಿ ಮಾಡಿಸಿದ ಎರಡು ರ‍್ಯಾಕುಗಳನ್ನು ನಿಲ್ಲಿಸಿ, ಗೋಡೆಗೂ ರ‍್ಯಾಕಿಗೂ ನಡುವಿನ ಸಂದಿಯಲ್ಲಿ ಒಬ್ಬ ಹುಡುಗ ಕೈ ತೂರಿಸಿ ಅಳತೆ ತೋರಿಸುವ ಚಿತ್ರವನ್ನು ಕಳಿಸಿದೆವು. ಅದನ್ನು ನೋಡಿದವರು ಮತ್ತೆ ಕೊಡತೊಡಗಿದರು.

ಈಗ ನಾವು ಏಳು ಹತ್ತು ಎಂದು ಹಾಡುತ್ತಿದ್ದೇವೆ. ಹಲಗೆಯ ಮೇಲೆ ಎಪ್ಪತ್ನಾಲ್ಕು ಗೇಣು, ಐದು ಬೆರಳು ಎಂದಿದೆ. ಎಂಟು ಹತ್ತು ಆದ ದಿನ ಆ ನುಡಿಯನ್ನು ಒಂದೇ ಒಂದು ಸಲ ಹಾಡಿ, ವಿಡಿಯೋದಿಂದ ಕ್ಯೂಆರ್ ಕೋಡನ್ನು ತೆಗೆದುಬಿಡುತ್ತೇವೆ. ಪಲ್ಲವಿಯ ಕೊನೆಯ ಎರಡು ಸಾಲುಗಳು ಹಾಗೆಯೇ ಇರುತ್ತವೆ. ಪುಸ್ತಕದ ಮನೆ ಸಂಜೆ ನಾಲ್ಕರಿಂದ ಏಳರವರೆಗೆ ತೆರೆದಿರುತ್ತದೆ. ನೀವು ಬಂದಾಗ ಬಾಗಿಲಿಗೆ ಬೀಗವಿದ್ದರೆ ಪಕ್ಕದ ಮನೆಯಲ್ಲಿ ಅಕ್ಕನನ್ನು ಕೇಳಿ. ಬೀಗದ ಕೈ ಅವರ ಕೊಟ್ಟಿಗೆಯ ಕಂಬಕ್ಕೆ ನೇತುಹಾಕಿರುತ್ತದೆ.